ಬಳಸದೇ ಇಟ್ಟ ಲಿಥಿಯಂ ಪ್ಯಾಕ್, ಬಳಸಿದ್ದಕ್ಕಿಂತ ಹೆಚ್ಚು ಸೊರಗಿದ್ದು ಹೇಗೆ?

ಸಿಂಧನೂರು_ಪಂಪ್ · 9 ಜೂನ್ 2024

ಔಷಧಿ ಹೊಡೆಯುವ ಬೆನ್ನುಪಂಪುಗಳ ಮಾರಾಟ ಮತ್ತು ದುರಸ್ತಿ ನನ್ನ ಕಸುಬು. 2021ರ ಜೂನ್ ತಿಂಗಳಲ್ಲಿ ಒಂದೇ ಪೆಟ್ಟಿಗೆಯಲ್ಲಿ ಬಂದ ಎರಡು ಲಿಥಿಯಂ ಪ್ಯಾಕ್‌ಗಳನ್ನು ಅಂಗಡಿಗೆಂದೇ ಇಟ್ಟುಕೊಂಡೆ. ಒಂದೊಂದರಲ್ಲಿ 2600 ಎಂಎಎಚ್‌ನ ಹನ್ನೆರಡು ಸೆಲ್‌ಗಳಿದ್ದು, ನಾಲ್ಕರ ಜೋಡಿಯನ್ನು ಮೂರು ಸಾಲಾಗಿ ಬೆಸೆದಿದ್ದಾರೆ, ತುಂಬಿದಾಗ 12.6 ವೋಲ್ಟ್. ಬಂದ ದಿನವೇ 2 ಆಂಪಿಯರ್ ಲೋಡ್ ಹಾಕಿ 9 ವೋಲ್ಟ್‌ವರೆಗೆ ಇಳಿಸಿ ಅಳೆದಾಗ ಎರಡೂ 10.2 ಎಎಚ್ ಕೊಟ್ಟವು.

ಮೊದಲನೆಯದನ್ನು ಹತ್ತಿ, ಮೆಣಸಿನಕಾಯಿ, ಭತ್ತದ ಹಂಗಾಮುಗಳಲ್ಲಿ ಬಾಡಿಗೆ ಪಂಪಿಗೆ ಹಾಕಿದೆ. ಮೂರು ವರ್ಷದಲ್ಲಿ ಸುಮಾರು ಇನ್ನೂರು ಸಲ ಚಾರ್ಜ್ ಆಗಿದೆ, ಉಳಿದ ದಿನಗಳಲ್ಲಿ ಅರ್ಧಂಬರ್ಧ ಚಾರ್ಜಿನಲ್ಲಿ ಕೆಳಗಿನ ಗೋದಾಮಿನಲ್ಲಿ ಬಿದ್ದಿರುತ್ತದೆ. ಎರಡನೆಯದನ್ನು ಆಪತ್ಕಾಲಕ್ಕಿರಲೆಂದು ಮಹಡಿಯ ತಗಡಿನ ಕೋಣೆಯ ಕಪಾಟಿನಲ್ಲಿಟ್ಟೆ. ಮಾರಿದವರ ಸಲಹೆಯಂತೆ ಎರಡು ತಿಂಗಳಿಗೊಮ್ಮೆ ತಪ್ಪದೇ ಪೂರ್ತಿ ಚಾರ್ಜ್ ಮಾಡಿ ಮತ್ತೆ ಒಳಗಿಡುತ್ತಿದ್ದೆ. ಪಂಪಿಗೆ ಒಂದು ದಿನವೂ ಹಾಕಿಲ್ಲ.

ನಿನ್ನೆ ಎರಡನ್ನೂ ಮತ್ತೆ ಅಳೆದೆ. ದುಡಿದದ್ದು 8.7 ಎಎಚ್ ಕೊಟ್ಟಿತು, ಕಪಾಟಿನಲ್ಲಿ ಕೂತಿದ್ದು 8.5 ಕೊಟ್ಟಿತು. ಮೀಟರ್ ಮೇಲೆ ಅನುಮಾನ ಬಂದು ಅದಲುಬದಲು ಮಾಡಿ ನೋಡಿದರೂ ಅದೇ ಅಂಕಿ. ದುಡಿದ ಎತ್ತಿಗಿಂತ ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತು ಬಡಕಲಾಗುವುದು ಹೇಗೆ ಎಂದು ತಿಳಿದವರು ಹೇಳಬೇಕು.

ಕೊಪ್ಪಳ_ಇನ್ವರ್ಟರ್ · 9 ಜೂನ್

ಇಪ್ಪತ್ತೆರಡು ವರ್ಷದಿಂದ ಬ್ಯಾಟರಿ ವ್ಯಾಪಾರದಲ್ಲಿದ್ದೇನೆ. ಇದು ಕಳೆದುಹೋದ ಸಾಮರ್ಥ್ಯವಲ್ಲ, ತಾನಾಗಿ ಇಳಿದ ಚಾರ್ಜ್. ಯಾವ ಬ್ಯಾಟರಿಯಾದರೂ ಸುಮ್ಮನಿದ್ದಾಗ ಒಳಗೊಳಗೇ ಸೋರುತ್ತದೆ, ಮತ್ತೆ ತುಂಬಿದರೆ ಸರಿಹೋಗುತ್ತದೆ. ನೀವು ಎರಡು ತಿಂಗಳಿಗೊಮ್ಮೆ ಮಾಡಿದ್ದು ಸಾಲದು, ತಿಂಗಳಿಗೊಮ್ಮೆ ಮಾಡಬೇಕಿತ್ತು. ಬ್ಯಾಟರಿಯನ್ನು ಸದಾ ತುಂಬಿಸಿಡಬೇಕೆಂಬುದು ನಮ್ಮ ಕಸುಬಿನ ಮೊದಲ ಪಾಠ.

ಸಿಂಧನೂರು_ಪಂಪ್ · 9 ಜೂನ್

ಅಣ್ಣಾ, ಅಳೆಯುವ ಮೊದಲು ಎರಡನ್ನೂ 12.6ಕ್ಕೆ ತುಂಬಿ, ಚಾರ್ಜರಿನ ಹಸಿರು ದೀಪ ಬಂದ ಮೇಲೂ ಒಂದು ತಾಸು ಬಿಟ್ಟೇ ಲೋಡ್ ಹಾಕಿದ್ದೇನೆ. ಸೋರಿದ್ದೆಲ್ಲ ಮತ್ತೆ ತುಂಬಿದ ಮೇಲಿನ ಲೆಕ್ಕವೇ 8.5.

ಬಳ್ಳಾರಿ_ರಸಾಯನ · 10 ಜೂನ್

ಬೋಧನೆಗೆ ಬರುವ ಮೊದಲು ಕೆಲವು ವರ್ಷ ಸೆಲ್ ಪರೀಕ್ಷೆಯ ಕೆಲಸದಲ್ಲಿದ್ದವಳು ನಾನು. ಮೊದಲು ಕೊಪ್ಪಳದವರ ಮಾತಿಗೆ ಉತ್ತರಿಸುತ್ತೇನೆ. ಅವರು ಹೇಳಿದ್ದು ಆಸಿಡ್ ಬ್ಯಾಟರಿಯ ಮಟ್ಟಿಗೆ ಸರಿ. ಸೀಸದ ತಟ್ಟೆಗಳನ್ನು ಅರೆಹೊಟ್ಟೆಯಲ್ಲಿ ಬಿಟ್ಟರೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಹಾಗಾಗಿ ತುಂಬಿಸಿಡುವುದೇ ಅದಕ್ಕೆ ಕ್ಷೇಮ. ಲಿಥಿಯಂ ಸೆಲ್‌ನಲ್ಲಿ ಇದು ತಿರುಗುಮುರುಗು; ತುಂಬಿದ ಸ್ಥಿತಿಯೇ ಅದಕ್ಕೆ ಹೆಚ್ಚು ಸವೆತದ ಸ್ಥಿತಿ.

ಕಾರಣ ಸೆಲ್‌ನ ಋಣಭಾಗದಲ್ಲಿದೆ. ಅಲ್ಲಿರುವುದು ಗ್ರಾಫೈಟ್ ಪುಡಿಯ ಲೇಪ. ಚಾರ್ಜ್ ಆದಾಗ ಲಿಥಿಯಂ ಅಯಾನುಗಳು ಆ ಗ್ರಾಫೈಟ್ ಹಾಳೆಗಳ ನಡುವೆ ಹೋಗಿ ಕೂರುತ್ತವೆ, ಮತ್ತು ಆ ಗ್ರಾಫೈಟ್ ಹೆಚ್ಚುಕಡಿಮೆ ಲಿಥಿಯಂ ಲೋಹದಷ್ಟೇ ಉಗ್ರವಾಗುತ್ತದೆ. ಶುದ್ಧ ಲಿಥಿಯಂಗೆ ಹೋಲಿಸಿದರೆ ವ್ಯತ್ಯಾಸ 0.1 ವೋಲ್ಟ್ ಆಸುಪಾಸು. ಸೆಲ್‌ನೊಳಗಿನ ದ್ರಾವಣವಾದರೋ ಸುಮಾರು 0.8 ವೋಲ್ಟ್‌ಗಿಂತ ಕೆಳಗೆ ತಾಳಿಕೊಳ್ಳಲಾರದೆ ಒಡೆಯತೊಡಗುತ್ತದೆ. ಎಂದರೆ ಚಾರ್ಜ್ ಆದ ಗ್ರಾಫೈಟ್ ಮತ್ತು ದ್ರಾವಣ ಒಟ್ಟಿಗೆ ಬಾಳಲಾರದ ಜೋಡಿ. ಆದರೂ ಸೆಲ್ ವರ್ಷಗಟ್ಟಲೆ ಉಳಿಯುವುದೇಕೆಂದರೆ, ಮೊದಲ ಚಾರ್ಜಿನಲ್ಲೇ ಒಡೆದ ದ್ರಾವಣದ ಚೂರುಗಳು ಲಿಥಿಯಂ ಜೊತೆ ಸೇರಿ ಗ್ರಾಫೈಟ್ ಮೇಲೆ ತೆಳ್ಳನೆಯ ಪೊರೆಯೊಂದನ್ನು ಕಟ್ಟುತ್ತವೆ. ಎಸ್‌ಇಐ ಎಂದು ಕರೆಯುವ ಈ ಪೊರೆ ಅಯಾನುಗಳನ್ನು ದಾಟಲು ಬಿಟ್ಟು, ದ್ರಾವಣವನ್ನು ಹೊರಗೇ ತಡೆಯುತ್ತದೆ.

ತಡೆಯುತ್ತದೆ ಎಂದೆನಾದರೂ, ಪೂರ್ತಿಯಾಗಿ ಅಲ್ಲ. ಒಂದಿಷ್ಟು ಒಸರು ಇದ್ದೇ ಇರುತ್ತದೆ. ಸೆಲ್ ಬಳಸಲಿ ಬಿಡಲಿ, ಆ ಒಸರಿನಿಂದ ಪೊರೆ ದಿನದಿನವೂ ಕೊಂಚ ಕೊಂಚ ದಪ್ಪವಾಗುತ್ತದೆ, ಪ್ರತಿ ಬಾರಿಯೂ ಒಂದಿಷ್ಟು ಲಿಥಿಯಂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಹಾಕಿದ ಲಿಥಿಯಂ ಎಷ್ಟೋ ಅಷ್ಟೇ, ಹೊಸದು ಎಲ್ಲಿಂದಲೂ ಬರುವುದಿಲ್ಲ. ಧನಭಾಗಕ್ಕೂ ಋಣಭಾಗಕ್ಕೂ ಓಡಾಡಬೇಕಾದ ಲಿಥಿಯಂ ಪೊರೆಯಲ್ಲಿ ಸೆರೆಯಾದಷ್ಟೂ ಎಎಚ್ ಲೆಕ್ಕ ಇಳಿಯುತ್ತದೆ. ನಿಮ್ಮ ಕಪಾಟಿನ ಪ್ಯಾಕ್‌ಗೆ ಆಗಿರುವುದು ಇದೇ, ವಯಸ್ಸಿನ ಸವೆತ.

ಅದನ್ನು ಬಿರುಸಾಗಿಸುವ ಸಂಗತಿಗಳು ಎರಡು, ಕಾವು ಮತ್ತು ಚಾರ್ಜಿನ ಮಟ್ಟ. ಸ್ಥೂಲವಾಗಿ ಹತ್ತು ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಒಂದೂವರೆಯಿಂದ ಎರಡು ಪಟ್ಟಾಗುತ್ತದೆ. ನಿಮ್ಮ ಕಡೆಯ ಏಪ್ರಿಲ್–ಮೇ ತಿಂಗಳ ತಗಡಿನ ಕೋಣೆಯನ್ನು ನಾನು ವರ್ಣಿಸಬೇಕಿಲ್ಲ. ಅದರ ಜೊತೆಗೆ ಎರಡು ತಿಂಗಳಿಗೊಮ್ಮೆ ತುಂಬಿದ್ದರಿಂದ, ಚಾರ್ಜ್ ತಾನಾಗಿ ಕೆಳಗಿಳಿದು ಸಿಗಬಹುದಾಗಿದ್ದ ಅಲ್ಪ ವಿರಾಮವೂ ಪ್ಯಾಕ್‌ಗೆ ದಕ್ಕಲಿಲ್ಲ. ಕೊಟ್ಟಿಗೆಯ ಎತ್ತು ಎಂದಿರಿ. ಅದನ್ನು ಮೂರು ವರ್ಷ ನೊಗ ಹೊರಿಸಿಯೇ ಬಿಸಿಲಿಗೆ ನಿಲ್ಲಿಸಿದ್ದೀರಿ.

ಗಂಗಾವತಿ_ಸ್ಕೂಟರ್ · 10 ಜೂನ್

ನನ್ನದೂ ಇದೇ ಸಮಸ್ಯೆ, ಮೇಡಂ. ಮಗಳ ಹೆರಿಗೆಗೆಂದು ಹೋಗಿ ಊರಿಗೆ ಬರುವುದು ಹದಿನಾಲ್ಕು ತಿಂಗಳಾಯಿತು. ವಿದ್ಯುತ್ ಸ್ಕೂಟರ್ ಅಂಗಳದಲ್ಲೇ ನಿಂತಿತ್ತು, ಬಿಡುವಾಗ ಒಂದೇ ಗೆರೆ ಚಾರ್ಜ್ ಇತ್ತು. ಈಗ ಚಾರ್ಜರ್ ಹಾಕಿದರೆ ದೀಪವೇ ಮಿನುಗುವುದಿಲ್ಲ. ನಾಲ್ಕು ವೋಲ್ಟ್ ಒಮ್ಮೆ ನೇರವಾಗಿ ಕೊಟ್ಟು ಎಬ್ಬಿಸುತ್ತೇನೆಂದು ಇಲ್ಲಿನ ಮೆಕ್ಯಾನಿಕ್ ಹೇಳುತ್ತಾನೆ. ಎಬ್ಬಿಸಬಹುದೇ?

ಬಳ್ಳಾರಿ_ರಸಾಯನ · 10 ಜೂನ್

ನಿಮ್ಮದು ಈ ರೋಗವಲ್ಲ. ಪ್ಯಾಕ್‌ನೊಳಗಿನ ರಕ್ಷಣಾ ಬೋರ್ಡ್ ತನ್ನ ಹೊಟ್ಟೆಗೆ ಹನಿಹನಿಯಾಗಿ ಕರೆಂಟ್ ಕುಡಿಯುತ್ತಲೇ ಇರುತ್ತದೆ. ಒಂದು ಗೆರೆ ಚಾರ್ಜಿನಲ್ಲಿ ಹದಿನಾಲ್ಕು ತಿಂಗಳು ಬಿಟ್ಟರೆ ಸೆಲ್‌ಗಳು ಸೊನ್ನೆಯತ್ತ ಜಾರುತ್ತವೆ. ಆ ಆಳದಲ್ಲಿ ಗ್ರಾಫೈಟ್ ಲೇಪವನ್ನು ಹೊತ್ತ ತಾಮ್ರದ ಹಾಳೆಯೇ ದ್ರಾವಣದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಕರಗಿದ ತಾಮ್ರ ಎಲ್ಲೆಂದರಲ್ಲಿ ಕೂತು ಒಳಗೇ ಶಾರ್ಟ್ ಆಗುವ ಅಪಾಯವಿದೆ. ನೇರವಾಗಿ ಕರೆಂಟ್ ಕೊಟ್ಟು ಎಬ್ಬಿಸಲು ಬಿಡಬೇಡಿ. ಪ್ರತಿ ಸೆಲ್‌ನ ವೋಲ್ಟೇಜ್ ಅಳೆಯಬಲ್ಲವರ ಬಳಿ ಒಯ್ಯಿರಿ. ಎರಡು ವೋಲ್ಟ್‌ಗಿಂತ ಕೆಳಗೆ ಬಹುಕಾಲ ಬಿದ್ದಿದ್ದ ಸೆಲ್‌ಗಳನ್ನು ನಾನಾದರೆ ಮನೆಯೊಳಗೆ ಚಾರ್ಜ್ ಮಾಡುವುದಿಲ್ಲ.

ಸಿಂಧನೂರು_ಪಂಪ್ · 11 ಜೂನ್

ಮೇಡಂ, ಹಳೆಯ ಪುಸ್ತಕ ತಿರುವಿದಾಗ ಇನ್ನೊಂದು ಅಂಕಿ ಸಿಕ್ಕಿತು. 2022ರ ಮಾರ್ಚ್‌ನಲ್ಲಿ, ಎಂದರೆ ಇಟ್ಟು ಒಂಬತ್ತು ತಿಂಗಳಾದಾಗ, ಗಿರಾಕಿಯೊಬ್ಬರಿಗೆ ತೋರಿಸಲೆಂದು ಕಪಾಟಿನ ಪ್ಯಾಕನ್ನೂ ಅಳೆದಿದ್ದೆ. ಆಗ 9.35 ಎಎಚ್ ಇತ್ತು. ಒಂಬತ್ತು ತಿಂಗಳಿಗೆ 0.85 ಹೋಗಿದ್ದರೆ ಮೂವತ್ತಾರು ತಿಂಗಳಿಗೆ 3.4 ಹೋಗಬೇಕಿತ್ತು, 6.8 ಉಳಿಯಬೇಕಿತ್ತು. ಆದರೆ 8.5 ಇದೆ. ನಡುವೆ ಸವೆತ ನಿಂತುಹೋಯಿತೇ?

ಬಳ್ಳಾರಿ_ರಸಾಯನ · 11 ಜೂನ್

ನಿಂತಿಲ್ಲ, ನಿಧಾನವಾಗಿದೆ. ಪೊರೆಯ ಸ್ವಭಾವವೇ ಹಾಗೆ. ತೆಳ್ಳಗಿದ್ದಾಗ ಒಸರು ಸುಲಭ, ಬೇಗ ಬೆಳೆಯುತ್ತದೆ. ದಪ್ಪವಾದಂತೆಲ್ಲ ಒಸರಿಗೆ ದಾಟಬೇಕಾದ ದಾರಿ ಉದ್ದವಾಗಿ, ಬೆಳವಣಿಗೆಗೆ ಪೊರೆಯೇ ಅಡ್ಡಿಯಾಗುತ್ತದೆ. ಲೆಕ್ಕಕ್ಕಿಳಿಸಿದರೆ ನಷ್ಟವು ಕಾಲದ ಜೊತೆ ನೇರವಾಗಿ ಏರದೆ, ಕಾಲದ ವರ್ಗಮೂಲದ ಜೊತೆ ಏರುತ್ತದೆ. ಮೂವತ್ತಾರು ತಿಂಗಳೆಂದರೆ ಒಂಬತ್ತರ ನಾಲ್ಕು ಪಟ್ಟು, ನಾಲ್ಕರ ವರ್ಗಮೂಲ ಎರಡು. ಆದುದರಿಂದ ನಷ್ಟ 0.85ರ ಎರಡರಷ್ಟು, ಎಂದರೆ 1.7 ಎಎಚ್ ಆಗಬೇಕು. 10.2ರಲ್ಲಿ 1.7 ಕಳೆದರೆ 8.5. ನಿಮ್ಮ ಮೀಟರ್ ತೋರಿಸಿದ್ದೂ ಅದನ್ನೇ.

ಇದೇ ದಾರಿಯಲ್ಲಿ ಸಾಗಿದರೆ 2026ರ ಜೂನ್‌ಗೆ, ಅರವತ್ತು ತಿಂಗಳಾದಾಗ, ನಷ್ಟ 2.2ರ ಆಸುಪಾಸಿಗೆ ಬಂದು 8 ಎಎಚ್ ಉಳಿಯಬೇಕು. ಈ ಲೆಕ್ಕ ನಡೆಯುವುದು ಪೊರೆ ಒಂದೇ ಕಾರಣವಾಗಿರುವವರೆಗೆ ಮಾತ್ರ. ದ್ರಾವಣ ಬತ್ತುವಂಥ ಬೇರೊಂದು ಹಾನಿ ಸೇರಿಕೊಂಡರೆ ರೇಖೆ ಒಮ್ಮೆಗೇ ಕೆಳಗೆ ಬಾಗಬಹುದು.

ಮಾನ್ವಿ_ಮೇಷ್ಟ್ರು · 12 ಜೂನ್

ಪ್ರೌಢಶಾಲೆಯಲ್ಲಿ ಗಣಿತ ಹೇಳುವವನು ನಾನು, ರಸಾಯನ ನನ್ನ ವಿಷಯವಲ್ಲ. ಆದರೆ ಮೇಡಂ ಅವರ ಲೆಕ್ಕ ತೀರಾ ಅಂದವಾಗಿ ಹೊಂದಿದ್ದೇ ನನಗೆ ಸಂಶಯ ತಂದಿತು. 2021ರ ಜೂನ್‌ನಿಂದ 2022ರ ಮಾರ್ಚ್‌ವರೆಗಿನ ಮೊದಲ ಒಂಬತ್ತು ತಿಂಗಳಲ್ಲಿ ಏಪ್ರಿಲ್ ಇಲ್ಲ, ಮೇ ಇಲ್ಲ. ಅನಂತರದ ಇಪ್ಪತ್ತೇಳು ತಿಂಗಳಲ್ಲಿ ಮೂರು ಏಪ್ರಿಲ್, ಮೂರು ಮೇ ಇವೆ. ಕಾವು ಏರಿದರೆ ವೇಗ ಇಮ್ಮಡಿಯಾಗುವುದು ನಿಜವಾದರೆ, ಆ ಆರು ತಿಂಗಳನ್ನು ಹತ್ತು ಹನ್ನೆರಡು ತಿಂಗಳೆಂದೇ ಎಣಿಸಬೇಕಲ್ಲವೇ? ಹಾಗೆ ಎಣಿಸಿದರೆ ಅನುಪಾತ ನಾಲ್ಕಕ್ಕಿಂತ ಹೆಚ್ಚಾಗಿ, ನಷ್ಟವೂ 1.7 ಮೀರಬೇಕಿತ್ತು. ಎರಡು ಬಿಂದುಗಳನ್ನಿಟ್ಟುಕೊಂಡು ಯಾವ ವಕ್ರರೇಖೆಯನ್ನೂ ಸಾಧಿಸಲಾಗದು ಎಂದು ಮಕ್ಕಳಿಗೆ ಹೇಳುವವನು ನಾನು, ಸುಮ್ಮನಿರಲಾಗಲಿಲ್ಲ.

ಇನ್ನೊಂದು ಮಾತು. ಹೊಸ ಸೆಲ್‌ಗಳು ಕಾರ್ಖಾನೆಯಿಂದ ಕಡಿಮೆ ಚಾರ್ಜಿನಲ್ಲೇ ಬರುತ್ತವೆ, ವಿಮಾನದಲ್ಲಂತೂ 30%ಗಿಂತ ಹೆಚ್ಚಿರಬಾರದೆಂಬ ನಿಯಮವಿದೆ ಎಂದು ಓದಿದ್ದೇನೆ. ಸವೆತ ತಡೆಯಲೆಂದೇ ಅಲ್ಲವೇ ಅದು?

ಬಳ್ಳಾರಿ_ರಸಾಯನ · 12 ಜೂನ್

ಮೇಷ್ಟ್ರೇ, ಬೇಸಿಗೆಯ ಮಾತು ಒಪ್ಪಿದೆ. ನಾನು ಗಮನಿಸಬೇಕಿತ್ತು. ತಗಡಿನ ಕೋಣೆಯ ಮಟ್ಟಿಗೆ ಏಪ್ರಿಲ್–ಮೇ ತಿಂಗಳನ್ನು ಇಮ್ಮಡಿಯೆಂದು ಹಿಡಿದರೆ ಮೊದಲ ಒಂಬತ್ತು ಒಂಬತ್ತಾಗಿಯೇ ಉಳಿದು, ಒಟ್ಟು ಮೂವತ್ತಾರು ನಲವತ್ತೆರಡಾಗುತ್ತದೆ. ಅನುಪಾತ 4.67, ವರ್ಗಮೂಲ 2.16, ನಷ್ಟ 1.84, ಉಳಿಯಬೇಕಾದದ್ದು 8.36. ಅಳತೆ ಸಿಕ್ಕಿದ್ದು 8.5. ವ್ಯತ್ಯಾಸ ಈ ಬಗೆಯ ಮೀಟರಿನ ತಪ್ಪಿನೊಳಗೇ ಇರುವುದರಿಂದ ವರ್ಗಮೂಲದ ನಿಯಮ ಇಲ್ಲಿ ಸುಳ್ಳಾಯಿತೆಂದು ಹೇಳಲಾಗದು, ಸಾಬೀತಾಯಿತೆಂದೂ ಹೇಳಲಾಗದು. ನೇರ ರೇಖೆ ಅಲ್ಲವೆಂಬುದು ಮಾತ್ರ ಖಚಿತ.

ವಿಮಾನದ 30% ನಿಯಮ 2016ರ ಏಪ್ರಿಲ್‌ನಿಂದ ಬಂದಿದ್ದು, ಬಿಡಿ ಸೆಲ್ ಮತ್ತು ಪ್ಯಾಕ್‌ಗಳ ಸಾಗಣೆಗೆ ಸಂಬಂಧಿಸಿದ್ದು. ಅದರ ಉದ್ದೇಶ ಬೆಂಕಿಯ ಭಯ. ಚಾರ್ಜ್ ಕಡಿಮೆಯಿದ್ದರೆ ಹೊತ್ತಿಕೊಂಡಾಗಿನ ಆವೇಶವೂ ಕಡಿಮೆ. ಸವೆತ ತಗ್ಗುವುದು ಪುಕ್ಕಟೆ ಸಿಕ್ಕ ಲಾಭ.

ಸಿಂಧನೂರು_ಪಂಪ್ · 12 ಜೂನ್

ಹಾಗಾದರೆ ದುಡಿದ ಪ್ಯಾಕ್ ಕಳೆದುಕೊಂಡ 1.5 ಎಎಚ್ ಎಲ್ಲವೂ ದುಡಿಮೆಯಿಂದ ಹೋಗಿದ್ದೇ? ಅದಕ್ಕೂ ಮೂರು ವರ್ಷ ವಯಸ್ಸಾಗಿದೆಯಲ್ಲ.

ಬಳ್ಳಾರಿ_ರಸಾಯನ · 13 ಜೂನ್

ಒಳ್ಳೆಯ ಪ್ರಶ್ನೆ ಕೇಳಿದಿರಿ. ಅದಕ್ಕೆ ಅಂಕಿಯಲ್ಲಿ ಉತ್ತರ ನಿಮ್ಮ ಎರಡು ಪ್ಯಾಕ್‌ಗಳಿಂದ ಹೊರಡುವುದಿಲ್ಲ.

ದುಡಿಮೆಯ ಸವೆತವೆಂದರೆ ಬೇರೆಯದೇ ಒಂದು ಶತ್ರು ಎಂದುಕೊಳ್ಳುವುದು ವಾಡಿಕೆ, ಆದರೆ ಬಹುಪಾಲು ಅದೇ ಪೊರೆಯ ಕಥೆಯೇ ಮುಂದುವರಿದದ್ದು. ಲಿಥಿಯಂ ತುಂಬಿಕೊಂಡಾಗ ಗ್ರಾಫೈಟ್ ಸುಮಾರು ಹತ್ತು ಪ್ರತಿಶತ ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಮೇಲಿನ ಪೊರೆ ಪೆಡಸು, ಈ ಉಬ್ಬರವಿಳಿತಕ್ಕೆ ಅಲ್ಲಲ್ಲಿ ಬಿರಿಯುತ್ತದೆ. ನೀರು ಬತ್ತಿದ ಎರೆಹೊಲ ಬಿರಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿರುಕಿನಲ್ಲಿ ಹಸಿ ಗ್ರಾಫೈಟ್ ದ್ರಾವಣಕ್ಕೆ ಎದುರಾಗಿ, ಅಲ್ಲಿ ಹೊಸ ಪೊರೆ ಕಟ್ಟಿಕೊಂಡು, ಇನ್ನಷ್ಟು ಲಿಥಿಯಂ ಸೆರೆಯಾಗುತ್ತದೆ. ಕಪಾಟಿನ ಪ್ಯಾಕ್‌ನಲ್ಲಿ ಪೊರೆ ದಪ್ಪಗಾಗಿ ತನ್ನನ್ನು ತಾನೇ ತಡೆದುಕೊಂಡಿತು. ದುಡಿಯುವ ಪ್ಯಾಕ್‌ನಲ್ಲಿ ಆ ತಡೆ ಮತ್ತೆ ಮತ್ತೆ ಒಡೆಯುತ್ತದೆ. ಆಳವಾಗಿ ಖಾಲಿ ಮಾಡಿ ಪೂರ್ತಿ ತುಂಬುವ ಸುತ್ತು ಹೆಚ್ಚು ಬಿರುಕು ಕೊಡುತ್ತದೆ, ಅರ್ಧದಷ್ಟೇ ಬಳಸಿ ತುಂಬುವ ಸುತ್ತು ಕಡಿಮೆ ಕೊಡುತ್ತದೆ. ತೀರಾ ಚಳಿಯಲ್ಲಿ ಅಥವಾ ಅತಿ ವೇಗದಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟ್ ಒಳಹೋಗದೆ ಮೇಲೆಯೇ ಲೋಹವಾಗಿ ಕೂರುವ ಇನ್ನೊಂದು ಹಾನಿಯೂ ಇದೆ, ರಾಯಚೂರು ಸೀಮೆಯ ಪಂಪಿಗೆ ಆ ಚಿಂತೆ ಅಷ್ಟಾಗಿ ಬೇಡ.

ದುಡಿದ ಪ್ಯಾಕ್ ಮೂರು ವರ್ಷದ ಬಹುಭಾಗವನ್ನು ಅರ್ಧ ಚಾರ್ಜಿನಲ್ಲಿ, ತಂಪಾದ ಗೋದಾಮಿನಲ್ಲಿ ಕಳೆದಿದೆ. ಅದರ ವಯಸ್ಸಿನ ಸವೆತ ಕಪಾಟಿನದಕ್ಕಿಂತ ಎಷ್ಟೋ ಕಡಿಮೆಯಿರಬೇಕು, ಉಳಿದದ್ದು ಇನ್ನೂರು ಸುತ್ತುಗಳ ಪಾಲು. ಎಷ್ಟಕ್ಕೆಷ್ಟು ಎಂದು ತಿಳಿಯಬೇಕಾದರೆ ಮೂರನೆಯ ಪ್ಯಾಕೊಂದು ಅದೇ ಗೋದಾಮಿನಲ್ಲಿ ಅರ್ಧ ಚಾರ್ಜಿನಲ್ಲಿ, ದುಡಿಯದೇ ಇರಬೇಕಿತ್ತು.

ಕೊಪ್ಪಳ_ಇನ್ವರ್ಟರ್ · 13 ಜೂನ್

ಆಸಿಡ್ ಬ್ಯಾಟರಿಯ ನಿಯಮವನ್ನು ಇಲ್ಲಿ ತಂದು ಹಾಕಿದ್ದು ನನ್ನ ತಪ್ಪು, ಒಪ್ಪಿಕೊಂಡೆ. ಆದರೆ ಈಗ ನಾವು ಮಾರುತ್ತಿರುವುದು ಕಬ್ಬಿಣದ ಫಾಸ್ಫೇಟ್ ಲಿಥಿಯಂ ಇನ್ವರ್ಟರ್‌ಗಳನ್ನು. ಕರೆಂಟ್ ಹೋದಾಗಷ್ಟೇ ಅವುಗಳಿಗೆ ಕೆಲಸ, ಉಳಿದಂತೆ ವರ್ಷವಿಡೀ ತುಂಬಿಕೊಂಡೇ ಕೂತಿರುತ್ತವೆ. ಅವುಗಳಿಗೂ ಇದೇ ಗತಿಯೇ? ಅವಕ್ಕೆ ಈ ತೊಂದರೆ ಇಲ್ಲವೆಂದು ಕಂಪನಿಯವರು ಹೇಳುತ್ತಾರೆ.

ಬಳ್ಳಾರಿ_ರಸಾಯನ · 14 ಜೂನ್

ಫಾಸ್ಫೇಟ್ ಇರುವುದು ಧನಭಾಗದಲ್ಲಿ. ಋಣಭಾಗ ಅಲ್ಲೂ ಗ್ರಾಫೈಟೇ, ಪೊರೆಯೂ ಅದೇ. ಸೆಲ್ ತುಂಬಿದಾಗಿನ ವೋಲ್ಟೇಜ್ 4.2ರ ಬದಲು 3.65 ಆಗಿರುವುದರಿಂದ ಧನಭಾಗದ ಕಡೆಯ ದ್ರಾವಣಕ್ಕೆ ನೆಮ್ಮದಿ ಹೆಚ್ಚು, ಅಷ್ಟರಮಟ್ಟಿಗೆ ಕಂಪನಿಯವರ ಮಾತು ನಿಜ. ಆದರೆ ವಯಸ್ಸಿನ ಸವೆತದಿಂದ ಅವು ಮುಕ್ತವಲ್ಲ. ಇಲ್ಲೊಂದು ಇಕ್ಕಟ್ಟೂ ಇದೆ. ಈ ಸೆಲ್‌ಗಳ ವೋಲ್ಟೇಜ್ ನಡುವೆಲ್ಲ ಹಲಗೆಯಂತೆ ಸಮತಟ್ಟು, ಎಷ್ಟು ಚಾರ್ಜ್ ಉಳಿದಿದೆಯೆಂದು ಬೋರ್ಡಿಗೆ ತಿಳಿಯಲು ಮತ್ತು ಸೆಲ್‌ಗಳನ್ನು ಸರಿಸಮ ಮಾಡಲು ಆಗಾಗ ತುದಿಯವರೆಗೆ ತುಂಬಲೇಬೇಕು. ಎಷ್ಟು ದಿನಕ್ಕೊಮ್ಮೆ ಎಂಬುದರಲ್ಲಿ ತಯಾರಕರಲ್ಲೇ ಏಕಾಭಿಪ್ರಾಯವಿಲ್ಲ.

ಚಾರ್ಜಿನ ಮಟ್ಟದ ಬಗ್ಗೆ ಒಂದು ಸೂಕ್ಷ್ಮವಿದೆ. 100ರಿಂದ 80ಕ್ಕೆ ಇಳಿಸಿದರೆ ಸವೆತವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆಂದು ಹಲವರು ಭಾವಿಸುತ್ತಾರೆ. ಗ್ರಾಫೈಟ್ ವೋಲ್ಟೇಜ್ ಇಳಿಜಾರಲ್ಲ, ಮೆಟ್ಟಿಲು. ಸರಿಸುಮಾರು ಅರ್ಧದಿಂದ ಮೇಲೆ ಪೂರ್ತಿ ತುಂಬುವವರೆಗೂ ಅದು ಬಹುತೇಕ ಒಂದೇ ಮಟ್ಟದಲ್ಲಿರುತ್ತದೆ, ಅರ್ಧಕ್ಕಿಂತ ಕೆಳಗಿಳಿದಾಗ ಪೊರೆಯ ಮೇಲಿನ ಒತ್ತಡ ಒಂದು ಮೆಟ್ಟಿಲು ತಗ್ಗುತ್ತದೆ. ಹಾಗಾಗಿ ಗ್ರಾಫೈಟ್ ದೃಷ್ಟಿಯಿಂದ 90ಕ್ಕೂ 70ಕ್ಕೂ ದೊಡ್ಡ ಅಂತರವಿಲ್ಲ, 70ಕ್ಕೂ 40ಕ್ಕೂ ಇದೆ. ತೀರಾ ತುದಿಯ ಮಟ್ಟದಲ್ಲಿ ಧನಭಾಗದ ಹಾನಿ ಬೇರೆ ಸೇರುತ್ತದೆ.

ಸಿಂಧನೂರಿನವರು ಕಪಾಟಿನ ಪ್ಯಾಕನ್ನು 11 ವೋಲ್ಟ್ ಆಸುಪಾಸಿಗೆ ತಂದು ಕೆಳಗಿನ ಗೋದಾಮಿನಲ್ಲಿಡಲಿ, ನಾಲ್ಕೈದು ತಿಂಗಳಿಗೊಮ್ಮೆ ವೋಲ್ಟೇಜ್ ನೋಡಿ 10.5ಕ್ಕೆ ಬಂದಿದ್ದರೆ ಮತ್ತೆ 11ಕ್ಕೆ ಏರಿಸಲಿ. ಹಂಗಾಮಿನ ಹಿಂದಿನ ದಿನ ತುಂಬಿದರೆ ಸಾಕು.

ಶಕ್ತಿನಗರ_ವೈರಿಂಗ್ · 14 ಜೂನ್

ಫ್ರಿಜ್ಜಿನಲ್ಲಿಟ್ಟರೆ?

ಬಳ್ಳಾರಿ_ರಸಾಯನ · 14 ಜೂನ್

ಸವೆತ ಖಂಡಿತ ತಗ್ಗುತ್ತದೆ. ಆದರೆ ಹೊರತೆಗೆದ ಕೂಡಲೇ ನಮ್ಮ ಸೆಕೆಗೆ ಪ್ಯಾಕ್ ಬೆವರುತ್ತದೆ, ಬೋರ್ಡಿನ ಮೇಲೆ ನೀರು ಕೂರುತ್ತದೆ. ಗಾಳಿಯಾಡದ ಚೀಲದಲ್ಲಿಟ್ಟು, ಹೊರತೆಗೆದ ಮೇಲೆ ಅರ್ಧ ದಿನ ಚೀಲ ಬಿಚ್ಚದೆ ಬಿಡುವ ತಾಳ್ಮೆ ಇದ್ದರೆ ಮಾಡಿ.

ಸಿಂಧನೂರು_ಪಂಪ್ · 21 ಜುಲೈ

ಮೇಡಂ ಹೇಳಿದ ಮಟ್ಟಕ್ಕಿಂತಲೂ ಕೆಳಗಿಳಿಸಿಬಿಟ್ಟಿದ್ದೆ. ನಾಟಿಯ ಗಡಿಬಿಡಿಯಲ್ಲಿ ಮರೆತು, ಕಪಾಟಿನ ಪ್ಯಾಕ್ 10.2 ವೋಲ್ಟ್‌ನಲ್ಲೇ ನಾಲ್ಕು ವಾರ ಗೋದಾಮಿನಲ್ಲಿತ್ತು. ನಿನ್ನೆ ತುಂಬಿ ಅಳೆದರೆ 8.7 ಎಎಚ್ ಬಂದಿದೆ. ಜೂನ್‌ಗಿಂತ 0.2 ಹೆಚ್ಚು! ದುಡಿದದ್ದು ಅದೇ 8.7ರಲ್ಲಿದೆ. ಹೋದ ಲಿಥಿಯಂ ಬಾರದೆಂದಿದ್ದಿರಿ.

ಮಾನ್ವಿ_ಮೇಷ್ಟ್ರು · 21 ಜುಲೈ

ಜೂನ್ ಆರಂಭದ ಸೆಕೆಯಲ್ಲಿ ಅಳೆದದ್ದಕ್ಕೂ ಈಗಿನ ತಂಪಿನಲ್ಲಿ ಅಳೆದದ್ದಕ್ಕೂ ವ್ಯತ್ಯಾಸ ಬಂದಿರಬಹುದು.

ಬಳ್ಳಾರಿ_ರಸಾಯನ · 22 ಜುಲೈ

ತಂಪಿನಲ್ಲಿ ಅಳತೆ ಕೊಂಚ ಕಡಿಮೆ ಬರಬೇಕು, ಹೆಚ್ಚಲ್ಲ, ಮೇಷ್ಟ್ರೇ. ಅದಲ್ಲದೆ ದುಡಿದ ಪ್ಯಾಕ್ ಕದಲಿಲ್ಲ.

ಸೆರೆಯಾದ ಲಿಥಿಯಂ ಬಾರದೆಂಬ ಮಾತಿಗೆ ಈಗಲೂ ಬದ್ಧಳಾಗಿದ್ದೇನೆ, ಆದರೆ ಕಾಣೆಯಾದದ್ದೆಲ್ಲ ಸೆರೆಯಾಗಿರುವುದಿಲ್ಲ. ಸೆಲ್ ಸುತ್ತುವಾಗ ಗ್ರಾಫೈಟ್ ಪಟ್ಟಿಯನ್ನು ಧನಭಾಗದ ಪಟ್ಟಿಗಿಂತ ಸ್ವಲ್ಪ ಅಗಲವಾಗಿ, ಉದ್ದವಾಗಿ ಬಿಟ್ಟಿರುತ್ತಾರೆ. ಸೀರೆಯ ಅಂಚಿನಂತೆ ಹೊರಚಾಚಿದ ಆ ಭಾಗಕ್ಕೆ ಎದುರಿನ ಜೋಡಿಯಿಲ್ಲ. ಸೆಲ್ ಬಹುಕಾಲ ತುಂಬಿ ಕೂತರೆ ಲಿಥಿಯಂ ಮೆಲ್ಲಗೆ ಅಂಚಿಗೂ ಹರಡಿಕೊಳ್ಳುತ್ತದೆ, ಡಿಸ್‌ಚಾರ್ಜ್ ಮಾಡುವ ನಾಲ್ಕೈದು ತಾಸಿನಲ್ಲಿ ಹಿಂದಿರುಗಲು ಅದಕ್ಕೆ ಸಮಯ ಸಾಲದು. ಕಡಿಮೆ ಚಾರ್ಜಿನಲ್ಲಿ ವಾರಗಟ್ಟಲೆ ಬಿಟ್ಟರೆ ಅಂಚಿನಿಂದ ಒಳಗೆ ಮರಳುತ್ತದೆ. ದುಡಿದ ಪ್ಯಾಕ್ ಆಗಾಗ ಕೆಳಗಿಳಿಯುತ್ತಿದ್ದುದರಿಂದ ಅದರ ಅಂಚಿನಲ್ಲಿ ಮರಳಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ನಿಮ್ಮ ಮರೆವಿನಿಂದ ಒಳ್ಳೆಯ ಪರೀಕ್ಷೆಯೇ ಆಯಿತು.

ಇದರಿಂದ ನನ್ನ ಹಿಂದಿನ ಲೆಕ್ಕವೂ ಸಡಿಲವಾಯಿತೆಂದು ಹೇಳಬೇಕು. 2022ರ ಮಾರ್ಚ್‌ನ 0.85ರಲ್ಲೂ ಅಂಚಿಗೆ ಹೋದದ್ದೊಂದಿಷ್ಟು ಇದ್ದಿರಲೇಬೇಕು. ಎಷ್ಟು ಎಂಬುದು ಈಗ ತಿಳಿಯುವಂತಿಲ್ಲ.

ಮಾನ್ವಿ_ಮೇಷ್ಟ್ರು · 22 ಜುಲೈ

ಹಾಗಾದರೆ ಅಂಚು ಪೂರ್ತಿ ಖಾಲಿಯಾಯಿತೇ, ಇನ್ನೂ ಉಳಿದಿದೆಯೇ ಎಂಬುದಾದರೂ ತಿಳಿಯಬೇಕಲ್ಲ. ಇನ್ನೂ ನಾಲ್ಕು ವಾರ ಹಾಗೇ ಬಿಟ್ಟು ಅಳೆಯಿರಿ. 8.7 ದಾಟದಿದ್ದರೆ ಮುಗಿಯಿತೆಂದು ತಿಳಿಯೋಣ.

ಸಿಂಧನೂರು_ಪಂಪ್ · 23 ಜುಲೈ

ಆಗಲಿ ಮೇಷ್ಟ್ರೇ. ಇವತ್ತು ಸಂಜೆ 10.3 ವೋಲ್ಟ್‌ಗೆ ಇಳಿಸಿ, ಮೇಲೆ ದಿನಾಂಕ ಬರೆದು ಗೋದಾಮಿನಲ್ಲಿಟ್ಟಿದ್ದೇನೆ. ಗೋಡೆಗೊಂದು ಥರ್ಮಾಮೀಟರ್ ಸಹ ತೂಗುಹಾಕಿದ್ದೇನೆ, ಈಗ 31 ಡಿಗ್ರಿ ತೋರಿಸುತ್ತಿದೆ. ಮಹಡಿಯ ಕೋಣೆಯಲ್ಲಿ ಅದನ್ನೇ ಹಿಡಿದು ನೋಡಿದಾಗ 38 ಇತ್ತು, ಹೊರಗೆ ಮೋಡ ಕವಿದಿದ್ದಾಗಲೇ.